ಮಾರುವ ಕೆಲಸವನ್ನೂ ನಾವೇ ಹಿಡಿದರೆ: ಕೊಕ್ಕೋದ ಉದಾಹರಣೆ

ಪ್ರಶ್ನೆ: ಮಾಲು ಕೊಡುವವರು, ಮಾರುವವರು ಎಲ್ಲ ಒಂದೇ ಸಂಸ್ಥೆಯ ಕೈಲಿದ್ದರೆ (ವರ್ಟಿಕಲ್ ಇಂಟಿಗ್ರೇಷನ್) ಲಾಭ ಏನು, ಅಪಾಯ ಏನು?

ನಮ್ಮ ಬದಿಯಡ್ಕ, ಪೆರ್ಲ ಕಡೆಯ ಅಡಿಕೆ ತೋಟಗಳಲ್ಲಿರುವ ಕೊಕ್ಕೋ ಗಿಡವನ್ನೇ ನೋಡಿ. ಕಾಯಿ ಒಡೆದರೆ ಬಿಳಿ ಲೋಳೆ ಮೆತ್ತಿದ ಹಸಿಬೀಜ. ಅದನ್ನು ಸುಮ್ನೆ ಇಟ್ಟುಕೊಂಡು ಒಳ್ಳೆ ರೇಟಿಗೆ ಕಾಯಲು ಆಗುವುದಿಲ್ಲ, ಬೇಗ ಹುಳಿಯುತ್ತದೆ. ಗಿಡ ಫಲ ಕೊಡಲು ವರ್ಷಗಳೇ ಬೇಕು, ಹಾಗಾಗಿ ಬೆಳೆ ಬದಲಿಸುವುದೂ ಸುಲಭ ಅಲ್ಲ. ಕೊಳ್ಳುವವರು ಒಬ್ಬಿಬ್ಬರೇ ಇದ್ದರೆ ಅವರು ಹೇಳಿದ್ದೇ ರೇಟು, ಅಲ್ವಾ? ಈ ಇಕ್ಕಟ್ಟು ತಪ್ಪಿಸುವುದೇ ದೊಡ್ಡ ಲಾಭ.

ಕರ್ನಾಟಕ, ಕೇರಳದ ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಹುಟ್ಟಿದ ಸಹಕಾರಿ ಸಂಸ್ಥೆ ಕ್ಯಾಂಪ್ಕೊ. ಮುಂದೆ ಕೊಕ್ಕೋ ಖರೀದಿಗೂ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಫ್ಯಾಕ್ಟರಿ ತೆರೆಯಿತು. ಅಂದರೆ ಬೆಳೆಗಾರರೇ ಮುಂದಿನ ಹಂತದ ಮಾಲೀಕರು. ನನಗೆ ಇದು ಬಹಳ ಸರಿಯಾದ ಹೆಜ್ಜೆ ಅನಿಸುತ್ತದೆ.

ಅಪಾಯವೂ ಅಲ್ಲೇ ಇದೆ. ಚಾಕಲೇಟ್ ಮಾರಾಟ ಕುಸಿದರೂ ಯಂತ್ರದ ಸಾಲ, ಸಂಬಳ ನಿಲ್ಲುವುದಿಲ್ಲ. ಬೀಜ ಕೊಳ್ಳದಿದ್ದರೆ ಸದಸ್ಯರಿಗೆ ನಷ್ಟ, ಕೊಂಡರೆ ಗೋದಾಮು ತುಂಬುತ್ತದೆ. ಇನ್ನೊಂದು, ನಮ್ಮದೇ ಮಾಲು ಎಂದು ಗುಣಮಟ್ಟ ನೋಡದೆ ತೆಗೆದುಕೊಳ್ಳುವ ಅಭ್ಯಾಸ ಬೆಳೆಯಬಹುದು. ಹೊರಗಿನ ರೇಟಿನ ಜೊತೆ ಒಳಗಿನ ರೇಟನ್ನು ಆಗಾಗ ಹೋಲಿಸಿದರೆ ಅದು ಬೇಗ ಗೊತ್ತಾಗುತ್ತದೆ.