90 ದಿನಗಳ ನೋಟಿಸ್ ಅವಧಿಯನ್ನು ಕಡಿಮೆ ಮಾಡಿಸಿಕೊಳ್ಳಲು ಮ್ಯಾನೇಜರ್ ಬಳಿ ಹೇಗೆ ಮಾತನಾಡಬೇಕು?

ಪ್ರಶ್ನೆ: ಬೆಂಗಳೂರಿನ ಐಟಿ ಸೇವಾ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ನೋಟಿಸ್ ಪೀರಿಯಡ್ 90 ದಿನ, ಆದರೆ ಹೊಸ ಕಂಪನಿಯವರು ಏಳು ವಾರದಲ್ಲಿ ಸೇರಿ ಎನ್ನುತ್ತಿದ್ದಾರೆ. ಮ್ಯಾನೇಜರ್ ಹತ್ತಿರ ಏನು ಹೇಳಲಿ, ಬರವಣಿಗೆಯಲ್ಲಿ ಏನು ತೆಗೆದುಕೊಳ್ಳಲಿ?

ಉತ್ತರ:

ಇಂಥದೇ ಒಂದು ಕಂಪನಿಯಲ್ಲಿ ನಾನು ತಂಡವೊಂದನ್ನು ನೋಡಿಕೊಳ್ಳುತ್ತೇನೆ. ರಾಜೀನಾಮೆ ಕೊಡಲು ಬಂದವರ ಮಾತು ಕೇಳಿ, ಅವರನ್ನು ಯಾವ ದಿನ ಬಿಡಬಹುದು ಎಂದು ಎಚ್‌ಆರ್‌ಗೆ ತಿಳಿಸುವುದು ನನ್ನ ಕೆಲಸದ ಒಂದು ಭಾಗವಾದ್ದರಿಂದ, ಆ ಕಡೆಯಿಂದ ಈ ವಿಷಯ ಹೇಗೆ ಕಾಣುತ್ತದೆ ಎಂಬುದನ್ನು ಹೇಳಬಲ್ಲೆ.

ಮಾತಿಗೆ ಹೋಗುವ ಮೊದಲು ನಿಮ್ಮ ನೇಮಕಾತಿ ಪತ್ರವನ್ನು ತೆಗೆದು ನೋಟಿಸ್ ಕುರಿತ ಷರತ್ತನ್ನು ನಿಧಾನವಾಗಿ ಓದಿ. ‘90 ದಿನಗಳ ನೋಟಿಸ್ ಅಥವಾ ಅದಕ್ಕೆ ಬದಲಾಗಿ ವೇತನ’ ಎಂದಷ್ಟೇ ಇದ್ದರೆ, ಉಳಿದ ದಿನಗಳ ಹಣ ಕಟ್ಟಿ ಹೊರಡುತ್ತೇನೆ ಎಂದು ಕೇಳಲು ನಿಮಗೆ ಗಟ್ಟಿಯಾದ ಆಧಾರವಿದೆ. ಅದರ ಜೊತೆಗೆ ‘ಕಂಪನಿಯ ವಿವೇಚನೆಗೆ ಒಳಪಟ್ಟು’ ಎಂಬ ಮಾತು ಸೇರಿದ್ದರೆ, ಹಣ ಕಟ್ಟಲು ನೀವು ಸಿದ್ಧರಿದ್ದರೂ ಅವರ ಒಪ್ಪಿಗೆ ಬೇಕಾಗುತ್ತದೆ. ಹಾಗೆಯೇ, ‘ವೇತನ’ ಎಂದರೆ ಮೂಲ ವೇತನವೋ ಒಟ್ಟು ವೇತನವೋ ಎಂಬುದನ್ನೂ ನೋಡಿ, ಏಕೆಂದರೆ ವ್ಯತ್ಯಾಸ ಸಣ್ಣದಲ್ಲ.

ಒಂದು ಲೆಕ್ಕ ಹಾಕೋಣ. ನೀವು ಜೂನ್ 2ರಂದು ಪೋರ್ಟಲ್‌ನಲ್ಲಿ ರಾಜೀನಾಮೆ ಸಲ್ಲಿಸಿದಿರಿ, ಆ ದಿನವನ್ನೂ ಸೇರಿಸಿ ಎಣಿಸಿದರೆ ತೊಂಬತ್ತನೆಯ ದಿನ ಆಗಸ್ಟ್ 30ಕ್ಕೆ ಬರುತ್ತದೆ ಎಂದಿಟ್ಟುಕೊಳ್ಳಿ. ನೀವು ಜುಲೈ 18ಕ್ಕೆ ಬಿಡುಗಡೆ ಕೇಳಿದರೆ 47 ದಿನ ಕೆಲಸ ಮಾಡಿದಂತಾಗಿ 43 ದಿನ ಕೊರತೆ ಉಳಿಯುತ್ತದೆ. ಬಾಕಿ ಇರುವ ಗಳಿಕೆ ರಜೆಯನ್ನು ಹೊಂದಿಸಿಕೊಳ್ಳಲು ನಿಮ್ಮ ಕಂಪನಿಯ ನಿಯಮ ಅವಕಾಶ ಕೊಟ್ಟು, ಖಾತೆಯಲ್ಲಿ 12 ರಜೆಗಳಿದ್ದರೆ, ಕೊರತೆ 31 ದಿನಕ್ಕೆ ಇಳಿಯುತ್ತದೆ. ತಿಂಗಳ ಮೂಲ ವೇತನ 40,000 ರೂಪಾಯಿ, ಒಟ್ಟು ವೇತನ ಒಂದು ಲಕ್ಷ ಎಂದಾದರೆ, ತಿಂಗಳಿಗೆ 30 ದಿನದ ಲೆಕ್ಕದಲ್ಲಿ ಮೊದಲನೆಯದಕ್ಕೆ ಸುಮಾರು 41,300, ಎರಡನೆಯದಕ್ಕೆ ಸುಮಾರು 1,03,300 ರೂಪಾಯಿ ಕಡಿತವಾಗುತ್ತದೆ. ಈ ಅಂಕಿಗಳನ್ನು ಕಾಗದದ ಮೇಲೆ ಬರೆದುಕೊಂಡ ಮೇಲೆಯೇ, ಹೊಸ ಕಂಪನಿಯವರು ಇದನ್ನು ಭರಿಸುತ್ತಾರೆಯೇ, ಇಲ್ಲವೇ ಸೇರುವ ದಿನವನ್ನು ಎರಡು ವಾರ ಮುಂದಕ್ಕೆ ಹಾಕಲು ಒಪ್ಪುತ್ತಾರೆಯೇ ಎಂದು ಕೇಳಿ, ಉತ್ತರವನ್ನು ಮೇಲ್‌ನಲ್ಲಿ ತರಿಸಿಕೊಳ್ಳಿ. ಆಫರ್ ಲೆಟರ್ ಕೈಗೆ ಬರುವ ಮೊದಲು ರಾಜೀನಾಮೆಯ ಮಾತೇ ಬೇಡ.

ಇನ್ನು ಮಾತುಕತೆ. ಹಣ ಕಟ್ಟುತ್ತೇನೆ ಎಂಬಲ್ಲಿಂದ ಆರಂಭಿಸುವವರು ಹೆಚ್ಚು, ಆದರೆ ಮ್ಯಾನೇಜರ್‌ಗೆ ಅದರಿಂದ ಯಾವ ಸಮಸ್ಯೆಯೂ ಬಗೆಹರಿಯುವುದಿಲ್ಲ. ಆ ಹಣ ಕಂಪನಿಗೆ ಹೋಗುತ್ತದೆ. ನಿಮ್ಮ ಜಾಗಕ್ಕೆ ಯಾರನ್ನು ಹಾಕುವುದು, ಕ್ಲೈಂಟ್ ಅವರನ್ನು ಒಪ್ಪುವವರೆಗೆ ಬಿಲ್ಲಿಂಗ್ ನಿಲ್ಲದಂತೆ ನೋಡಿಕೊಳ್ಳುವುದು ಹೇಗೆ ಎಂಬ ಚಿಂತೆ ಮಾತ್ರ ಅವರ ತಲೆಯ ಮೇಲೆಯೇ ಉಳಿಯುತ್ತದೆ. ಆದ್ದರಿಂದ ನೀವು ಕೇಳುವ ದಿನಾಂಕವು ಕೆಲಸದ ಹಸ್ತಾಂತರಕ್ಕೆ ಅಂಟಿಕೊಂಡಿರಬೇಕು. ನನ್ನ ಬಳಿ ಬಂದ ಒಬ್ಬರು ಹೀಗೆ ಹೇಳಿದ್ದರು: “ಸರ್, ನಾನು ಇವತ್ತು ರಾಜೀನಾಮೆ ಸಲ್ಲಿಸುತ್ತಿದ್ದೇನೆ. ಜುಲೈ 18ಕ್ಕೆ ನನ್ನನ್ನು ಬಿಡುಗಡೆ ಮಾಡಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಜೂನ್ ಕೊನೆಯ ರಿಲೀಸ್ ಮುಗಿಸಿಕೊಡುತ್ತೇನೆ. ನಾನೊಬ್ಬನೇ ನೋಡುತ್ತಿರುವ ಎರಡು ಮಾಡ್ಯೂಲ್‌ಗಳನ್ನು ತಂಡದಲ್ಲಿ ಯಾರಿಗೆ ಹೇಳಿಕೊಡಬಹುದು ಎಂದು ಪಟ್ಟಿ ಮಾಡಿದ್ದೇನೆ. ಜುಲೈನ ಮೊದಲ ಎರಡು ವಾರ ಅವರೇ ಕೆಲಸ ಮಾಡಲಿ, ನಾನು ಪಕ್ಕದಲ್ಲಿರುತ್ತೇನೆ.” ಅವರು ಒಂದು ಪುಟದ ಪಟ್ಟಿಯನ್ನೂ ತಂದಿದ್ದರು. ಅದನ್ನು ಹಿಡಿದುಕೊಂಡು ನಾನು ನನ್ನ ಮೇಲಿನವರ ಬಳಿ ಹೋಗಿ ಮಾತನಾಡುವುದು ಸಾಧ್ಯವಾಯಿತು. ಬರಿಗೈಯಲ್ಲಿ ಹೋಗಿದ್ದರೆ ‘ಪಾಲಿಸಿ 90 ದಿನ’ ಎಂಬ ಉತ್ತರವೇ ಸಿಗುತ್ತಿತ್ತು.

ಕಾರಣವಾಗಿ ಮನೆಯ ಕಾಯಿಲೆಯನ್ನೋ ಮದುವೆಯನ್ನೋ ಕಟ್ಟಿ ಹೇಳಬೇಡಿ. ಬೇರೆ ಕಡೆ ಕೆಲಸ ಸಿಕ್ಕಿದೆ, ಸೇರುವ ದಿನ ನಿಗದಿಯಾಗಿದೆ ಎಂಬುದೇ ಸಾಕಾದ ಕಾರಣ. ಕಂಪನಿಯ ಹೆಸರನ್ನು ಹೇಳಲೇಬೇಕೆಂದೇನೂ ಇಲ್ಲ. ಸಂಬಳ ಹೆಚ್ಚಿಸುತ್ತೇವೆ, ಇಲ್ಲೇ ಇರಿ ಎಂಬ ಮಾತು ಬಂದರೆ, ತೀರ್ಮಾನವಾಗಿದೆ ಎಂದು ವಿನಯದಿಂದ ತಿಳಿಸಿ ಮಾತನ್ನು ದಿನಾಂಕಕ್ಕೆ ತನ್ನಿ. ಮೊದಲ ಭೇಟಿಯಲ್ಲಿ ಬಹುತೇಕ ಮ್ಯಾನೇಜರ್‌ಗಳು ‘ನೋಡೋಣ, ಮ್ಯಾನೇಜ್ ಮಾಡೋಣ’ ಎನ್ನುತ್ತಾರೆ. ಅದು ಒಪ್ಪಿಗೆಯಲ್ಲ. “ಸರ್, ಯಾವಾಗ ಖಚಿತವಾಗಿ ತಿಳಿಯಬಹುದು? ಶುಕ್ರವಾರ ಮತ್ತೆ ಬರಲೇ?” ಎಂದು ಅಲ್ಲೇ ಕೇಳಿ. ಹಣ ಕಟ್ಟುವ ಮಾತನ್ನು ಆ ಎರಡನೆಯ ಭೇಟಿಗೆ, ಅದೂ ದಿನಾಂಕ ಜಗ್ಗದಿದ್ದರೆ ಮಾತ್ರ, ಇಟ್ಟುಕೊಳ್ಳಿ.

ಬಾಯಿಮಾತಿನಲ್ಲಿ ಒಪ್ಪಿಗೆ ಸಿಕ್ಕ ದಿನವೇ ಸಂಜೆಯೊಳಗೆ ಮೇಲ್ ಕಳುಹಿಸಿ. ಮ್ಯಾನೇಜರ್‌ಗೆ ಬರೆದು ಎಚ್‌ಆರ್‌ ಅನ್ನು ಪ್ರತಿಯಲ್ಲಿ ಸೇರಿಸಿ. ನೀವು ಅದನ್ನು ಇಂಗ್ಲಿಷಿನಲ್ಲೇ ಬರೆಯುತ್ತೀರಿ, ಒಕ್ಕಣೆ ಹೀಗಿರಲಿ: “ಇಂದು ನಾವು ಮಾತನಾಡಿದಂತೆ, ಜೂನ್ 2ರಂದು ನಾನು ಸಲ್ಲಿಸಿದ ರಾಜೀನಾಮೆಗೆ ಸಂಬಂಧಿಸಿ ನನ್ನ ಕೊನೆಯ ಕೆಲಸದ ದಿನ ಜುಲೈ 18 ಎಂದು ತಾವು ಒಪ್ಪಿದ್ದೀರಿ. ಬಾಕಿ ಇರುವ 12 ಗಳಿಕೆ ರಜೆಗಳನ್ನು ಕೊರತೆಗೆ ಹೊಂದಿಸಿಕೊಂಡು, ಉಳಿದ 31 ದಿನಗಳಿಗೆ ವೇತನ ಕಡಿತ ಇರುವುದಿಲ್ಲ ಎಂದು ತಿಳಿದಿದ್ದೇನೆ. ಹಸ್ತಾಂತರದ ಪಟ್ಟಿಯನ್ನು ಲಗತ್ತಿಸಿದ್ದೇನೆ. ಇದು ಸರಿಯಿದೆಯೆಂದು ದಯವಿಟ್ಟು ಉತ್ತರಿಸಿ.” ಇದರಲ್ಲಿ ಕಡಿತದ ವಾಕ್ಯ ಬಹಳ ಮುಖ್ಯವಾದದ್ದು. ‘ಬೇಗ ಬಿಡುತ್ತೇವೆ’ ಎಂದರೆ ಉಳಿದ ದಿನಗಳನ್ನು ಮನ್ನಾ ಮಾಡಿದ್ದಾರೆಂದೇ ಅನೇಕರು ಭಾವಿಸುತ್ತಾರೆ. ಆದರೆ ಬಿಡುಗಡೆಗೆ ಒಪ್ಪಿಯೂ ಅಂತಿಮ ಲೆಕ್ಕದಲ್ಲಿ ಕೊರತೆಯ ಹಣವನ್ನು ಹಿಡಿಯುವುದು ಸಾಮಾನ್ಯ. ಕಡಿತವಿದೆ ಎಂದೇ ತೀರ್ಮಾನವಾಗಿದ್ದರೆ, ಎಷ್ಟು ದಿನಕ್ಕೆ, ಯಾವ ವೇತನದ ಮೇಲೆ ಎಂದು ಬರೆಯಿರಿ. ಆ ಮೊತ್ತದ ಮೇಲೆ ಜಿಎಸ್‌ಟಿ ಸೇರಿಸಿದ್ದರೆ ಪ್ರಶ್ನಿಸಿ. ನೋಟಿಸ್ ವೇತನದ ವಸೂಲಿಗೆ ಜಿಎಸ್‌ಟಿ ಇಲ್ಲವೆಂದು 2022ರ ಆಗಸ್ಟ್‌ನಲ್ಲೇ ಕೇಂದ್ರ ಪರೋಕ್ಷ ತೆರಿಗೆ ಮಂಡಳಿ ಸುತ್ತೋಲೆ ಹೊರಡಿಸಿದೆ.

ಮ್ಯಾನೇಜರ್ ‘ಸರಿ’ ಎಂದು ಉತ್ತರಿಸಿದರೂ ಕೆಲಸ ಮುಗಿಯುವುದಿಲ್ಲ. ರಾಜೀನಾಮೆ ಹಾಕಿದ ಕ್ಷಣವೇ ಪೋರ್ಟಲ್ ತಾನಾಗಿ ಆಗಸ್ಟ್ 30 ಎಂದು ತೋರಿಸಿರುತ್ತದೆ, ಮತ್ತು ರಿಲೀವಿಂಗ್ ಲೆಟರ್‌ಗೂ ಅಂತಿಮ ಲೆಕ್ಕಕ್ಕೂ ಸಾಮಾನ್ಯವಾಗಿ ಅಲ್ಲಿರುವ ದಿನಾಂಕವನ್ನೇ ತೆಗೆದುಕೊಳ್ಳುತ್ತಾರೆ. ಅದು ಜುಲೈ 18 ಎಂದು ಬದಲಾಗುವವರೆಗೆ ಎಚ್‌ಆರ್‌ ಬೆನ್ನು ಬಿಡಬೇಡಿ, ಹೊಸ ಕಂಪನಿಗೂ ಸೇರುವ ದಿನವನ್ನು ಖಚಿತಪಡಿಸಬೇಡಿ. ಬದಲಾಯಿಸಲು ಹಿಂದೇಟು ಹಾಕುತ್ತಿದ್ದರೆ, ಮೇಲಿನ ಹಂತದ ಅನುಮೋದನೆ ಇನ್ನೂ ಬಂದಿಲ್ಲವೆಂದೇ ಬಹುಮಟ್ಟಿಗೆ ತಿಳಿಯಬಹುದು. ಆಗ ಯಾರ ಅನುಮೋದನೆ ಬಾಕಿ ಇದೆ ಎಂದು ನೇರವಾಗಿ ಕೇಳಿ.

ಕೊನೆಯ ದಿನ ಆಫೀಸಿನ ಮೇಲ್ ಮುಚ್ಚಿಹೋಗುತ್ತದೆ. ಕೆಲಸದ ದಾಖಲೆಗಳನ್ನು ಸ್ವಂತ ಮೇಲ್‌ಗೆ ಕಳುಹಿಸಿಕೊಳ್ಳುವುದು ನಿಯಮಕ್ಕೆ ವಿರುದ್ಧವಾದ್ದರಿಂದ, ಬಿಡುಗಡೆಯ ಒಪ್ಪಿಗೆ ಪತ್ರವನ್ನು ಮಾತ್ರ ನಿಮ್ಮ ವೈಯಕ್ತಿಕ ವಿಳಾಸಕ್ಕೆ ಕಳುಹಿಸಲು ಎಚ್‌ಆರ್‌ ಅನ್ನೇ ಕೇಳಿ. ಮುಂದೆ ರಿಲೀವಿಂಗ್ ಲೆಟರ್‌ನಲ್ಲಿ ಮತ್ತು ಪಿಎಫ್ ಖಾತೆಯ ನಿರ್ಗಮನ ದಿನಾಂಕದಲ್ಲಿ ಅದೇ ಜುಲೈ 18 ಇದೆಯೇ ಎಂದು ನೋಡಿಕೊಳ್ಳಿ; ಅಲ್ಲಿ ಆಗಸ್ಟ್ 30 ಉಳಿದುಬಿಟ್ಟರೆ ಎರಡು ಕಂಪನಿಗಳ ಸೇವಾವಧಿ ಒಂದರ ಮೇಲೊಂದು ಬಿದ್ದು, ಪಿಎಫ್ ವರ್ಗಾವಣೆಗೂ ಹೊಸ ಕಂಪನಿಯ ಹಿನ್ನೆಲೆ ಪರಿಶೀಲನೆಗೂ ತೊಡಕಾಗಬಹುದು.