ಅಕ್ಷಾಂಶ-ರೇಖಾಂಶ ಇಟ್ಟುಕೊಂಡು ಯಾವ ಮನೆ ಯಾವ ಹಬ್‌ಗೆ ಅಂತ ಹಂಚುವುದು

> "ನಮ್ಮ ತರಕಾರಿ ಬುಟ್ಟಿಯ ಗಿರಾಕಿಗಳ ಪಟ್ಟಿ ಗೂಗಲ್ ಶೀಟ್‌ನಲ್ಲಿ ಉಂಟು. ಪ್ರತಿ ಮನೆಗೂ ಲ್ಯಾಟಿಟ್ಯೂಡ್, ಲಾಂಗಿಟ್ಯೂಡ್ ಕಾಲಂ ಇದೆ. ಮಂಗಳೂರಿನ ಸುತ್ತ ಸುರತ್ಕಲ್, ಬಿಜೈ, ತೊಕ್ಕೊಟ್ಟು ಅಂತ ಮಾಲು ಹೊರಡುವ ಮೂರು ಹಬ್. ಪ್ರತಿ ವಾರ ಮ್ಯಾಪ್ ನೋಡಿ ಕೈಯಲ್ಲೇ ಹಂಚಿ ಸಾಕಾಗಿದೆ. ದೂರ ಲೆಕ್ಕ ಹಾಕಲು ಹಾವರ್‌ಸೈನ್ ಅಂತ ಏನೋ ಸೂತ್ರ ಉಂಟಂತೆ, ಅದನ್ನು ಶೀಟ್‌ನಲ್ಲಿ ಹಾಕುವುದು ಹೇಗೆ?"

ಅಕ್ಕ, ಶೀಟ್‌ನಲ್ಲೇ ಆಗುತ್ತದೆ. ಬೇರೆ ಆ್ಯಪ್ ಏನೂ ಬೇಡ. ಆದರೆ ಹಬ್‌ಗಳನ್ನು ಬೇರೆ ಶೀಟ್‌ನಲ್ಲಿ ಇಡಬೇಡಿ, ಇದೇ ಶೀಟ್‌ನ ತಲೆಯ ಮೇಲೆ ಇಡಿ. D, E, F ಕಾಲಂಗಳ ಮೊದಲ ಸಾಲಿನಲ್ಲಿ ಹಬ್ ಹೆಸರು, ಎರಡನೇ ಸಾಲಿನಲ್ಲಿ ಅದರ ಲ್ಯಾಟಿಟ್ಯೂಡ್, ಮೂರನೇ ಸಾಲಿನಲ್ಲಿ ಲಾಂಗಿಟ್ಯೂಡ್. ಗಿರಾಕಿಗಳು ಐದನೇ ಸಾಲಿನಿಂದ ಶುರುವಾಗಲಿ: A ಹೆಸರು, B ಲ್ಯಾಟಿಟ್ಯೂಡ್, C ಲಾಂಗಿಟ್ಯೂಡ್. ಹೀಗೆ ಇಟ್ಟರೆ ಒಂದೇ ಸೂತ್ರವನ್ನು ಬಲಕ್ಕೂ ಕೆಳಕ್ಕೂ ಎಳೆದರೆ ಸಾಕು. ನಾಳೆ ನಾಲ್ಕನೇ ಹಬ್ ಬಂದರೂ E, F ನಡುವೆ ಒಂದು ಕಾಲಂ ಸೇರಿಸಿ ಸೂತ್ರವನ್ನು ಅದಕ್ಕೂ ಎಳೆದರೆ ಆಯ್ತು.

D5ರಲ್ಲಿ ಇದನ್ನು ಹಾಕಿ:

```
=2*6371*ASIN(SQRT(SIN(RADIANS(D$2-$B5)/2)^2
+COS(RADIANS($B5))*COS(RADIANS(D$2))
*SIN(RADIANS(D$3-$C5)/2)^2))
```

6371 ಅಂದರೆ ಭೂಮಿಯ ಸರಾಸರಿ ತ್ರಿಜ್ಯ, ಕಿ.ಮೀ.ನಲ್ಲಿ. ಹಾಗಾಗಿ ಉತ್ತರವೂ ಕಿ.ಮೀ.ನಲ್ಲೇ ಬರುತ್ತದೆ. ಡಾಲರ್ ಗುರುತು ಎಲ್ಲಿದೆಯೋ ಅಲ್ಲೇ ಇರಲಿ. ಅದು ತಪ್ಪಿದರೆ ಎಳೆದಾಗ ಹಬ್‌ನ ಸಾಲು ಜಾರಿಹೋಗುತ್ತದೆ.

ಗಿರಾಕಿಗಳನ್ನು ಮುಟ್ಟುವ ಮೊದಲು ಒಂದು ಪರೀಕ್ಷೆ ಮಾಡಿ. ಸುಮ್ನೆ ಒಂದು ಸುಳ್ಳು ಹಬ್ ಹಾಕಿ 13, 75 ಅಂತ. ಒಬ್ಬ ಸುಳ್ಳು ಗಿರಾಕಿ 12, 75. ಉತ್ತರ 111.19 ಬರಬೇಕು. 6371 ಅಂತಲೇ ಬಂದರೆ RADIANS ಬಿಟ್ಟುಹೋಗಿದೆ ಅಂತ ಅರ್ಥ. ಶೀಟ್‌ಗೆ ಡಿಗ್ರಿ ಗೊತ್ತಿಲ್ಲ, ರೇಡಿಯನ್ ಮಾತ್ರ ಗೊತ್ತು.

ಆಮೇಲೆ G5ರಲ್ಲಿ ಹಬ್ ಆರಿಸುವ ಸೂತ್ರ:

```
=IF(H5<>"",H5,INDEX($D$1:$F$1,
MATCH(MIN($D5:$F5),$D5:$F5,0)))
```

ಮೂರರಲ್ಲಿ ಚಿಕ್ಕದು ಯಾವುದು ಅಂತ ನೋಡಿ ಅದರ ತಲೆಯ ಮೇಲಿನ ಹೆಸರನ್ನು ತರುತ್ತದೆ. H ಕಾಲಂ ಸದ್ಯಕ್ಕೆ ಖಾಲಿ ಬಿಡಿ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ, ಇಡೀ ಕೆಲಸದಲ್ಲಿ ತಲೆನೋವಿನ ಭಾಗ ಅದೇ.

ಈಗ ಮೇಲಿನ ಉತ್ತರಗಳ ಬಗ್ಗೆ. "ಇಷ್ಟೆಲ್ಲ ಸೈನ್ ಕೊಸೈನ್ ಯಾಕೆ, ವ್ಯತ್ಯಾಸವನ್ನು 111ರಿಂದ ಗುಣಿಸಿ ಪೈಥಾಗೊರಸ್ ಹಾಕಿ" ಅಂತ ಒಬ್ಬರು ಬರೆದಿದ್ದಾರೆ. ಅವರು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸರಿ. ಲ್ಯಾಟಿಟ್ಯೂಡ್‌ನ ಒಂದು ಡಿಗ್ರಿ 111 ಕಿ.ಮೀ. ಅನ್ನುವುದು ನಿಜ. ಲಾಂಗಿಟ್ಯೂಡ್‌ಗೆ ಅದು ಸಮಭಾಜಕದ ಮೇಲೆ ಮಾತ್ರ ನಿಜ, ಉತ್ತರಕ್ಕೆ ಹೋದ ಹಾಗೆ ಕುಗ್ಗುತ್ತದೆ. ಮಂಗಳೂರಿನಲ್ಲಿ ಸುಮಾರು 108.4, ದೆಹಲಿಯಲ್ಲಿ 98ರ ಹತ್ತಿರ. ತಣ್ಣೀರುಬಾವಿಯ ಒಂದು ಬಿಂದುವಿನಿಂದ ಬಿಜೈಗೆ ಎರಡೂ ರೀತಿ ಲೆಕ್ಕ ಹಾಕಿದೆ. ಹಾವರ್‌ಸೈನ್‌ನಲ್ಲಿ 3.37 ಕಿ.ಮೀ., ಅವರ ರೀತಿಯಲ್ಲಿ 3.45. ಎಂಬತ್ತು ಮೀಟರ್ ವ್ಯತ್ಯಾಸಕ್ಕೆ ಬಸಳೆ ಸೊಪ್ಪೇನೂ ಬಾಡುವುದಿಲ್ಲ. ಆದರೂ ನಾನು ಹಾವರ್‌ಸೈನನ್ನೇ ಹಾಕುತ್ತೇನೆ. ಒಮ್ಮೆ ಬರೆದಿಟ್ಟರೆ ಊರು ಬದಲಾದರೂ ಮುಟ್ಟಬೇಕಾಗಿಲ್ಲ, ಅಷ್ಟೇ ಕಾರಣ.

ಅಡಿಕೆ ತೋಟದ ಸುತ್ತ ಜಿಪಿಎಸ್ ಹಿಡಿದು ನಡೆದರೆ ಎಷ್ಟು ಎಕರೆ ಅಂತ ಈ ಸೂತ್ರದಲ್ಲಿ ಸಿಗುತ್ತದಾ ಅಂತ ಕೇಳಿದ ಭಾವ, ಸಿಗುವುದಿಲ್ಲ. ಇದು ಎರಡು ಬಿಂದುಗಳ ನಡುವಿನ ದೂರಕ್ಕೆ ಮಾತ್ರ. ಬೇಲಿ ಎಷ್ಟು ಉದ್ದ ಅಂತ ಬೇಕಾದರೆ ಮೂಲೆಯಿಂದ ಮೂಲೆಗೆ ಕೂಡಿಸಬಹುದು. ವಿಸ್ತೀರ್ಣದ ಲೆಕ್ಕ ಬೇರೆ, ಬೇರೆ ಪೋಸ್ಟ್ ಹಾಕಿ, ಅಲ್ಲಿ ಮಾತಾಡುವಾ.

ಅಕ್ಕ, ಈಗ ನಿಮ್ಮ ಪಟ್ಟಿಗೆ ಬರೋಣ. ಸೂತ್ರ ಕೆಡುವುದು ಕಡಿಮೆ, ಕಾಲಂನಲ್ಲಿ ಇರುವ ಅಂಕಿ ಕೆಟ್ಟಿರುವುದೇ ಜಾಸ್ತಿ. ತೊಂದರೆ ಏನೆಂದರೆ ಅಂಕಿ ಎಷ್ಟೇ ಕೆಟ್ಟಿದ್ದರೂ G ಕಾಲಂ ಮಾತ್ರ ಒಂದು ಹಬ್ ಹೆಸರನ್ನು ಧೈರ್ಯವಾಗಿ ತೋರಿಸುತ್ತದೆ. ಮೂರು ದೂರಗಳಲ್ಲಿ ಯಾವುದೋ ಒಂದು ಚಿಕ್ಕದು ಇದ್ದೇ ಇರುತ್ತದಲ್ಲ!

ಲೊಕೇಶನ್ ಕಳಿಸದ ಮನೆಯ ಸಾಲು ಖಾಲಿ ಅಂತಿಟ್ಟುಕೊಳ್ಳಿ. ಶೀಟ್ ಅದನ್ನು 0, 0 ಅಂತ ಓದುತ್ತದೆ. ಅದು ಆಫ್ರಿಕಾದ ಪಶ್ಚಿಮಕ್ಕೆ ಗಿನಿ ಕೊಲ್ಲಿಯಲ್ಲಿ, ಇಲ್ಲಿಂದ 8,300 ಕಿ.ಮೀ.ಗೂ ದೂರ. ನಿಮ್ಮ ಮೂರು ಹಬ್‌ಗಳಲ್ಲಿ ಅಲ್ಲಿಗೆ ಹತ್ತಿರ ಸುರತ್ಕಲ್. ಹಾಗಾಗಿ ಖಾಲಿ ಸಾಲುಗಳೆಲ್ಲ ಸದ್ದಿಲ್ಲದೆ ಸುರತ್ಕಲ್ ವ್ಯಾನ್‌ಗೆ ಬಂದು ಬೀಳುತ್ತವೆ. ಲ್ಯಾಟಿಟ್ಯೂಡ್ ಲಾಂಗಿಟ್ಯೂಡ್ ಅದಲುಬದಲಾದ ಸಾಲುಗಳೂ ಅಲ್ಲಿಗೇ. 74.8, 12.9 ಅಂದರೆ ನಾರ್ವೆಗೂ ಉತ್ತರದ ಸಮುದ್ರ, 7,800 ಕಿ.ಮೀ. ಸುರತ್ಕಲ್ ಪಟ್ಟಿ ಯಾಕೋ ದಪ್ಪ ಆಯ್ತಲ್ಲ ಅನ್ನಿಸಿದರೆ ಮೊದಲು ಇದನ್ನು ನೋಡಿ.

ಇವೆರಡೂ ಸಾವಿರಗಟ್ಟಲೆ ಕಿ.ಮೀ. ತೋರಿಸುವುದರಿಂದ ಕಣ್ಣಿಗೆ ಬೀಳುತ್ತವೆ. ಕಣ್ತಪ್ಪಿಸುವುದು ಮೂರನೆಯದು. ಕೆಲವು ಫೋನ್‌ಗಳು 12°53'42" ಅಂತ ಡಿಗ್ರಿ, ಮಿನಿಟು, ಸೆಕೆಂಡಿನಲ್ಲಿ ತೋರಿಸುತ್ತವೆ. ಸರಿಯಾಗಿ ಬದಲಾಯಿಸಿದರೆ ಅದು 12.8950. ಪಟ್ಟಿ ಬರೆಯುವ ಹುಡುಗ ಚುಕ್ಕಿ ಇಟ್ಟು 12.5342 ಅಂತ ಬರೆದಿದ್ದರೆ? ಲಾಂಗಿಟ್ಯೂಡ್ 74°48'47" ಕೂಡ 74.4847 ಆಗಿರುತ್ತದೆ. ಈ ಮನೆ ಈಗ ಕಾಸರಗೋಡಿನ ಎದುರು ಅರಬ್ಬಿ ಸಮುದ್ರದಲ್ಲಿ ಇದೆ. ಶೀಟ್ ಏನು ಹೇಳುತ್ತದೆ ಗೊತ್ತಾ? ತೊಕ್ಕೊಟ್ಟು, 51 ಕಿ.ಮೀ. ಅಂಕಿ ನೋಡುವಾಗ ಅಷ್ಟೇನೂ ವಿಚಿತ್ರ ಕಾಣುವುದಿಲ್ಲ. ಮನೆ ಇರುವುದು ಮಾತ್ರ ತಣ್ಣೀರುಬಾವಿಯಲ್ಲಿ.

ಮೂರಕ್ಕೂ ಒಂದೇ ಬಲೆ ಸಾಕು. I5ರಲ್ಲಿ ಇದನ್ನು ಹಾಕಿ ಕೆಳಕ್ಕೆ ಎಳೆಯಿರಿ:

```
=AND(B5>12.7,B5<13.1,C5>74.7,C5<75)
```

ನೀವು ಮಾಲು ಕೊಡುವ ಪ್ರದೇಶದ ಸುತ್ತ ಎಳೆದ ಚೌಕ ಇದು. FALSE ಬಂದ ಸಾಲುಗಳನ್ನು ಸರಿ ಮಾಡುವವರೆಗೂ ಯಾವ ಹಬ್‌ಗೂ ಕೊಡಬೇಡಿ. ವಾಟ್ಸ್ಆ್ಯಪ್‌ನಿಂದ ಅಂಟಿಸುವಾಗ ಎರಡು ಅಂಕಿಯೂ ಒಂದೇ ಕೋಶದಲ್ಲಿ ಅಲ್ಪವಿರಾಮದ ಜೊತೆ ಕೂತಿದ್ದರೂ ಇದು ಹಿಡಿಯುತ್ತದೆ. ಹಿಡಿಯಲು ಆಗದ್ದು ಒಂದು ಉಂಟು: ಗಿರಾಕಿ ಆಫೀಸಿನಲ್ಲಿ ಕೂತು ಮನೆಯ ಬದಲು ಆಫೀಸಿನ ಲೊಕೇಶನ್ ಕಳಿಸಿದ್ದು. ಅದಕ್ಕೆ ವಿಳಾಸದ ಊರಿನ ಹೆಸರನ್ನೂ ಒಂದು ಕಾಲಂನಲ್ಲಿ ಇಟ್ಟುಕೊಳ್ಳಿ.

ಇನ್ನು H ಕಾಲಂ. ರೂಟಿಂಗ್ ಗೊತ್ತಿರುವ ಸರ್ ಒಬ್ಬರು "ನೇರ ದೂರ ಉಪಯೋಗಕ್ಕೆ ಬರುವುದಿಲ್ಲ, ದಾರಿ ಲೆಕ್ಕ ಹಾಕುವ OSRM ಸಾಫ್ಟ್‌ವೇರ್ ಹಾಕಿ ರಸ್ತೆ ದೂರವನ್ನೇ ತೆಗೆಯಿರಿ" ಅಂದಿದ್ದಾರೆ. ಮಂಗಳೂರಿನಂಥ ಊರಿಗೆ ಅವರ ಮಾತಿನಲ್ಲಿ ತೂಕ ಉಂಟು, ಮಾರಾಯ್ರೇ. ಹಾವರ್‌ಸೈನ್ ಕಾಗೆ ಹಾರಿದ ದೂರ ಹೇಳುತ್ತದೆ, ಅದಕ್ಕೆ ಹೊಳೆ ಕಾಣುವುದಿಲ್ಲ.

ಅದೇ ತಣ್ಣೀರುಬಾವಿ ಮನೆ ತೆಗೆದುಕೊಳ್ಳಿ, ಈ ಸಲ ಸರಿಯಾದ ಅಂಕಿ: 12.8950, 74.8130. ಹಬ್‌ಗಳಿಗೆ ನಾನು ಅಂದಾಜಿನಲ್ಲಿ ಬಿಜೈ 12.8870, 74.8430, ಸುರತ್ಕಲ್ 12.9830, 74.8000, ತೊಕ್ಕೊಟ್ಟು 12.8160, 74.8600 ಇಟ್ಟೆ. ನಿಮ್ಮ ಕಟ್ಟಡದ್ದು ನೀವು ಹಾಕಿಕೊಳ್ಳಿ. ಬಿಜೈಗೆ 3.4 ಕಿ.ಮೀ., ಸುರತ್ಕಲ್‌ಗೆ 9.9, ತೊಕ್ಕೊಟ್ಟಿಗೆ 10.2. ಶೀಟ್‌ಗೆ ಅನುಮಾನವೇ ಇಲ್ಲ, ಬಿಜೈ. ಆದರೆ ನಡುವೆ ಗುರುಪುರ ಹೊಳೆ. ಸುಲ್ತಾನ್ ಬತ್ತೇರಿಯಲ್ಲಿ ನಿಂತರೆ ತಣ್ಣೀರುಬಾವಿ ಎದುರಿಗೇ ಕಾಣುತ್ತದೆ, ಹೋಗಲು ದೋಣಿ ಬೇಕು. ವ್ಯಾನ್ ಆದರೆ ಕೊಟ್ಟಾರ, ಕೂಳೂರು ಸೇತುವೆ ದಾಟಿ ಮತ್ತೆ ದಕ್ಷಿಣಕ್ಕೆ ಬರಬೇಕು. ಮೂರೂವರೆ ಕಿ.ಮೀ. ಅಂದದ್ದು ಹತ್ತು ದಾಟುತ್ತದೆ. ಆಗ ಸುರತ್ಕಲ್‌ಗೂ ಬಿಜೈಗೂ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ.

ಹಾಗಂತ ಹೊಳೆ ಕಂಡಲ್ಲೆಲ್ಲ ಹೆದರಬೇಕಾಗಿಲ್ಲ. ಜೆಪ್ಪಿನಮೊಗರು ನೇತ್ರಾವತಿಯ ಈಚೆ ಇದೆ, ಶೀಟ್ ಅದನ್ನು ಆಚೆಯ ತೊಕ್ಕೊಟ್ಟಿಗೆ ಹಾಕುತ್ತದೆ, ಸುಮಾರು ಮೂರು ಕಿ.ಮೀ. ಅಂತ. ಅಲ್ಲಿ ಹೆದ್ದಾರಿಯ ಸೇತುವೆ ಎದುರಲ್ಲೇ ಇರುವುದರಿಂದ ಅದು ಸರಿಯೇ. ಸೇತುವೆಯಲ್ಲಿ ಬ್ಲಾಕ್ ಆಗುವ ಹೊತ್ತಿನಲ್ಲಿ ಬಿಜೈಯಿಂದ ಕಳಿಸುವುದು ಲೇಸು ಅನ್ನುವವರೂ ಇದ್ದಾರೆ, ಅದು ನಿಮ್ಮ ಡ್ರೈವರ್‌ಗೆ ಗೊತ್ತು. ನೋಡಬೇಕಾದ್ದು ಹೊಳೆಯನ್ನಲ್ಲ, ಸೇತುವೆ ಎಷ್ಟು ದೂರ ಅನ್ನುವುದನ್ನು.

ಅತಿ ಹತ್ತಿರದ ಹಬ್‌ನ ದೂರಕ್ಕೂ ಅದರ ನಂತರದ ಹಬ್‌ನ ದೂರಕ್ಕೂ ಒಂದೆರಡು ಕಿ.ಮೀ. ಮಾತ್ರ ವ್ಯತ್ಯಾಸ ಇರುವ ಮನೆಗಳನ್ನು ಮಾತ್ರ ಕೈಯಲ್ಲಿ ನೋಡಿದರೆ ಸಾಕು ಅನ್ನುವವರಿದ್ದಾರೆ. ಬಯಲುಸೀಮೆಯ ಊರುಗಳಿಗೆ ಅದು ಒಳ್ಳೆಯ ಉಪಾಯ. ಇಲ್ಲಿ ತಣ್ಣೀರುಬಾವಿ ಮನೆಗೆ ಆ ವ್ಯತ್ಯಾಸ ಆರೂವರೆ ಕಿ.ಮೀ., ಸಿಕ್ಕಿಬೀಳುವುದೇ ಇಲ್ಲ. ಅದಕ್ಕೇ ನಾನು ಮಾಡಲು ಹೇಳುವುದು ಹೀಗೆ: ಊರಿನ ಹೆಸರಿನ ಪ್ರಕಾರ ಪಟ್ಟಿಯನ್ನು ಸಾರ್ಟ್ ಮಾಡಿ, ತಣ್ಣೀರುಬಾವಿ, ಬೆಂಗ್ರೆ ಥರದ ನೀರಿನಾಚೆಯ ಜಾಗಗಳಿಂದ ಒಂದೊಂದೇ ಮನೆ ಆರಿಸಿ ಗೂಗಲ್ ಮ್ಯಾಪ್ಸ್‌ನಲ್ಲಿ ಎರಡು ಹಬ್‌ನಿಂದ ರಸ್ತೆ ದೂರ ನೋಡಿ. ಶೀಟ್ ಹೇಳಿದ್ದು ತಪ್ಪಾಗಿದ್ದರೆ ಆ ಊರಿನ ಎಲ್ಲ ಸಾಲಿಗೂ H ಕಾಲಂನಲ್ಲಿ ಸರಿಯಾದ ಹಬ್ ಹೆಸರು ಬರೆಯಿರಿ. G ಅದನ್ನೇ ಒಪ್ಪಿಕೊಳ್ಳುತ್ತದೆ. ಹಬ್ ಜಾಗ ಬದಲಾಗುವವರೆಗೆ ಅದನ್ನು ಮತ್ತೆ ನೋಡಬೇಕಾಗಿಲ್ಲ. ಮನೆಗಳು ಸಾವಿರಗಟ್ಟಲೆ ಆದರೆ, ದಿನಾ ಹೊಸ ಗಿರಾಕಿ ಬರುತ್ತಿದ್ದರೆ, ಆಗ ಸರ್ ಹೇಳಿದ OSRM ದಾರಿ ಹಿಡಿಯಿರಿ. ಮೂರು ಹಬ್‌ನ ತರಕಾರಿ ಬುಟ್ಟಿಗೆ ಅದನ್ನು ಕೂರಿಸಿ ಸಾಕುವ ಕೆಲಸ ಜಾಸ್ತಿ ಅಂತ ನನಗೆ ಅನ್ನಿಸುತ್ತದೆ. ಅವರು ಒಪ್ಪಲಿಕ್ಕಿಲ್ಲ.

ತಣ್ಣೀರುಬಾವಿಯನ್ನು ಯಾವ ಹಬ್‌ಗೆ ಹಾಕುವುದು ಅಂತ ಕೇಳಿದರೆ, ದೂರ ಹೆಚ್ಚುಕಡಿಮೆ ಒಂದೇ ಆದ ಮೇಲೆ ಅದು ದೂರದ ಪ್ರಶ್ನೆ ಅಲ್ಲ. ಸುರತ್ಕಲ್ ವ್ಯಾನ್ ಹೇಗೂ ಪಣಂಬೂರಿನವರೆಗೆ ಬರುತ್ತದಾದರೆ ನಾನು ಅದಕ್ಕೇ ಕೊಡುತ್ತೇನೆ. ದೋಣಿಯಲ್ಲಿ ಕ್ರೇಟ್ ದಾಟಿಸುವಾ ಅಂತ ಕೆಳಗೆ ಒಬ್ಬರು ಹೇಳಿದ್ದಾರೆ, ಮಳೆಗಾಲದ ಹೊಳೆಯನ್ನು ನೆಚ್ಚಿಕೊಂಡು ವಾರವಾರ ಮಾಲು ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ಎರಡೂ ವ್ಯಾನ್ ಯಾವ ಹೊತ್ತಿಗೆ ಹೊರಡುತ್ತವೆ, ಆಚೆ ದಡದಲ್ಲಿ ಎಷ್ಟು ಮನೆ ಉಂಟು ಅಂತ ಇಲ್ಲೇ ಹಾಕಿ ಅಕ್ಕ, ಆಮೇಲೆ ನೋಡುವಾ.