ನಕ್ಕು ಸುಮ್ಮನಾಗಬೇಡಿ

"ನಾನು ಸಿವಿಲ್ ಎಂಜಿನಿಯರ್. ಒಂಬತ್ತು ವರ್ಷ ಸೈಟ್‌ನಲ್ಲೇ ದುಡಿದಿದ್ದೇನೆ. ಪ್ರಾಜೆಕ್ಟ್ ಮ್ಯಾನೇಜರ್ ಹುದ್ದೆ ಎರಡನೇ ಸಲವೂ ಕೈತಪ್ಪಿತು. 'ಗ್ರಾಹಕರ ಜೊತೆ ಮಾತಾಡೋ ಕೆಲಸ ನಿಮಗೆ ಚೆನ್ನಾಗಿ ಒಪ್ಪುತ್ತೆ' ಎಂದರು. ಸಂದರ್ಶನದಲ್ಲಿ ಒಬ್ಬರು 'ಸೈಟ್ ಗಲಾಟೆ ನಿಮ್ಮಂಥವರಿಗೆ ಆಗುತ್ತಾ?' ಅಂದಾಗ ನಕ್ಕು ಸುಮ್ಮನಾದೆ. 'ನೀನು ನೋಡೋಕೆ ಚೆನ್ನಾಗಿರೋದೇ ತೊಂದರೆ. ಕೂದಲು ಕತ್ತರಿಸು, ಪವರ್ ಇಲ್ಲದ ಕನ್ನಡಕ ಹಾಕ್ಕೊಂಡು ಹೋಗು' ಅಂತಾರೆ ನನ್ನ ಸೀನಿಯರ್. ಏನು ಮಾಡಲಿ?"

ನನಗೆ ಮೊದಲು ಸಿಟ್ಟು ಬಂದಿದ್ದು ಆ ಸೀನಿಯರ್ ಮೇಲೆ. ತೊಂದರೆ ಏನು ಅಂತ ಸರಿಯಾಗಿ ಗುರುತಿಸಿ, ಅದನ್ನು ನಿಮ್ಮ ತಲೆಗೇ ಕಟ್ಟಿದ್ದಾರೆ.

ತೊಂದರೆ ಇರೋದಂತೂ ನಿಜ. 1979ರಲ್ಲಿ ಸಂಶೋಧಕರಾದ ಮ್ಯಾಡಲೀನ್ ಹೈಲ್ಮನ್ ಮತ್ತು ಲೊಯಿಸ್ ಸರುವತಾರಿ ಇದನ್ನು ಪರೀಕ್ಷೆ ಮಾಡಿ ನೋಡಿದರು. ಚೆಂದದ ಹೆಣ್ಣುಮಕ್ಕಳಿಗೆ ಗುಮಾಸ್ತೆ ಕೆಲಸಕ್ಕೆ ರೂಪ ನೆರವಾಯಿತು, ಮ್ಯಾನೇಜರ್ ಹುದ್ದೆಗೆ ಅಡ್ಡ ಬಂತು. ಚೆಂದದ ಗಂಡಸರಿಗೆ ಎರಡು ಕಡೆಯೂ ಲಾಭವೇ. ಮ್ಯಾನೇಜರ್ ಅಂದ ಕೂಡಲೇ ಮನಸ್ಸಿಗೆ ಬರೋದು ಗಂಡಸಿನ ಚಿತ್ರ. ಹೆಣ್ಣು ಚೆಲುವೆಯಾದಷ್ಟೂ ಅವಳನ್ನು ಜಾಸ್ತಿ 'ಹೆಣ್ಣು' ಅಂತಲೇ ಕಾಣುತ್ತಾರೆ. ಆಗ ಆ ಚಿತ್ರಕ್ಕೆ ಅವಳು ಹೊಂದುವುದಿಲ್ಲ. ಎಲ್ಲ ಕೆಲಸಗಳಲ್ಲೂ ಹೀಗಾಗಲ್ಲ, ಎಷ್ಟೋ ಕಡೆ ರೂಪ ಅನುಕೂಲವೇ. ಗಂಡಸರದ್ದು ಅಂತ ಜನ ಅಂದುಕೊಂಡ ಕೆಲಸದಲ್ಲಿ ಪೆಟ್ಟು ಬೀಳುತ್ತದೆ. ನಿಮ್ಮದು ಅಂಥ ಕೆಲಸವೇ ಅಲ್ವಾ?

ಅದಕ್ಕೇ ಆ ನಗು ನನ್ನನ್ನು ಕಾಡುತ್ತಿದೆ. ಪತ್ರದಲ್ಲಿ ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ. ಅವರ ಮನಸ್ಸಿನ ಅನುಮಾನ ಬಾಯಿಗೆ ಬಂದದ್ದು ಆ ಒಂದು ಕ್ಷಣದಲ್ಲಿ. ನೀವು ಅದನ್ನು ಹಾಗೇ ಬಿಟ್ಟಿರಿ.

2014ರಲ್ಲಿ ಸ್ಟೆಫನಿ ಜಾನ್ಸನ್ ಮತ್ತು ಸಂಗಡಿಗರು ಕಟ್ಟಡ ಕೆಲಸದ ಅರ್ಜಿಯನ್ನೇ ಇಟ್ಟುಕೊಂಡು ಪ್ರಯೋಗ ಮಾಡಿದರು. 'ನಾನು ಈ ಕೆಲಸದವಳ ಹಾಗೆ ಕಾಣಲ್ಲ' ಅಂತಲೋ, 'ಇಲ್ಲಿ ಹೆಂಗಸರು ಕಡಿಮೆ' ಅಂತಲೋ ತಾವೇ ಹೇಳಿಬಿಟ್ಟ ಚೆಲುವೆಯರಿಗೆ ಸುಮ್ಮನಿದ್ದವರಿಗಿಂತ ಒಳ್ಳೆಯ ಅಂಕ ಬಂತು. ನೀವು ರೂಪದ ಮಾತು ಎತ್ತಬೇಡಿ, ಜಂಭ ಅಂದುಕೊಂಡಾರು. ಎರಡನೆಯದೇ ಸಾಕು.

ಅಭ್ಯರ್ಥಿ ಒಳಗೆ ಬರುವ ಮೊದಲೇ ಏನು ನೋಡಿ ಅಂಕ ಕೊಡಬೇಕು ಅಂತ ಸಂದರ್ಶಕರು ಬರೆದಿಟ್ಟುಕೊಳ್ಳಬೇಕು. ಈ ಅಂಕಣದಲ್ಲಿ ಎಷ್ಟು ಸಲ ಹೇಳಿದ್ದೇನೋ. ಆದರೆ ಅದು ನಿಮ್ಮ ಕೈಲಿಲ್ಲ.

ನಿಮ್ಮ ಕೈಲಿರೋದು ಇಷ್ಟು. ಮುಂದಿನ ಸಂದರ್ಶನದಲ್ಲಿ 'ನಿಮ್ಮ ಬಗ್ಗೆ ಹೇಳಿ' ಅಂದಾಗಲೇ, ಅವರು ಕೇಳುವವರೆಗೆ ಕಾಯದೆ ಹೇಳಿ: "ಸೈಟ್ ನಡೆಸುವ ಹೆಂಗಸರು ಕಡಿಮೆ, ಗೊತ್ತು. ನಾನು ಒಂಬತ್ತು ವರ್ಷ ಅಲ್ಲೇ ಇದ್ದೇನೆ." ಉಸಿರು ಬಿಡದೆ ಒಂದು ರಾತ್ರಿಯ ಕಥೆಗೆ ಹೋಗಿ. ಸ್ಲ್ಯಾಬ್ ಅರ್ಧಕ್ಕೆ ಬಂದಾಗ ಪಂಪ್ ಕೈಕೊಟ್ಟಿರುತ್ತದೆ, ಕಾಂಕ್ರೀಟ್ ಗಟ್ಟಿಯಾಗುತ್ತಿರುತ್ತದೆ. ಒಂಬತ್ತು ವರ್ಷದಲ್ಲಿ ಇಂಥದ್ದು ಒಂದಾದರೂ ಆಗಿರುತ್ತೆ. ಯಾರನ್ನು ಎಬ್ಬಿಸಿದಿರಿ, ಎಲ್ಲಿ ಜಾಯಿಂಟ್ ಬಿಟ್ಟಿರಿ, ಬೆಳಿಗ್ಗೆ ಎಷ್ಟು ಹೊತ್ತಿಗೆ ಮುಗಿಯಿತು, ಅಷ್ಟನ್ನೂ ಹೇಳಿ.

ಕನ್ನಡಕ ಬೇಡ.